ಪಿಸಿಸಿ ಹಳತಾಗುವುದು ಯಾವಾಗ?

ಹೊರದೇಶದ ಕೆಲಸಕ್ಕೆ ಹೊರಟವರು ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೆ, ಅಂದರೆ ಎಲ್ಲರ ಬಾಯಲ್ಲಿ ಓಡಾಡುವ 'ಪಿಸಿಸಿ'ಗೆ, ಎಷ್ಟು ದಿನದ ಆಯುಷ್ಯ ಎಂದು ಕೇಳಿದರೆ ಬರುವ ಉತ್ತರ ಒಂದೇ: ಆರು ತಿಂಗಳು. ಏಜೆಂಟರು ಹೇಳುವುದೂ ಇದನ್ನೇ, ಮೊದಲೇ ಹೋಗಿ ಬಂದ ಅಣ್ಣತಮ್ಮಂದಿರು ಹೇಳುವುದೂ ಇದನ್ನೇ. ಉತ್ತರ ಪೂರ್ತಿ ತಪ್ಪಲ್ಲ. ಆದರೆ ಇಷ್ಟನ್ನೇ ನಂಬಿಕೊಂಡವರಲ್ಲಿ ಕೆಲವರು ಬೇಡದಿದ್ದರೂ ಎರಡೆರಡು ಸಲ ಸರ್ಟಿಫಿಕೇಟ್ ಮಾಡಿಸುತ್ತಾರೆ. ಇನ್ನು ಕೆಲವರು ಮಾಡಿಸಲೇಬೇಕಾದಾಗ ಸುಮ್ಮನೆ ಕೂತು, ಅರ್ಜಿ ಸಿಕ್ಕಿಹಾಕಿಕೊಂಡ ಮೇಲೆ ಓಡಾಡುತ್ತಾರೆ.

ಆರು ತಿಂಗಳು ಅಂದರೆ ಎಲ್ಲಿಂದ ಎಲ್ಲಿಯವರೆಗೆ? ಸರ್ಟಿಫಿಕೇಟಿನ ಮೇಲಿನ ದಿನಾಂಕದಿಂದ ವೀಸಾ ಅರ್ಜಿ ಸಲ್ಲಿಸುವ ದಿನದವರೆಗೋ, ವೀಸಾ ಕೈಗೆ ಬರುವ ದಿನದವರೆಗೋ, ವಿಮಾನ ಹತ್ತುವ ದಿನದವರೆಗೋ? ಇದನ್ನು ತೀರ್ಮಾನಿಸುವುದು ಸರ್ಟಿಫಿಕೇಟ್ ಕೊಟ್ಟ ನಮ್ಮ ಪಾಸ್‌ಪೋರ್ಟ್ ಕಚೇರಿಯಲ್ಲ, ಅದನ್ನು ಕೈಗೆತ್ತಿಕೊಂಡು ನೋಡುವ ದೇಶ. ಹಾಗಾಗಿ ಒಂದೇ ಕಾಗದ ಒಂದು ದೇಶದ ಕಣ್ಣಿಗೆ ಹಳತು, ಇನ್ನೊಂದಕ್ಕೆ ಹೊಸತು ಆಗಬಹುದು. ಮೂರನೆಯ ದೇಶ ಅದನ್ನು ಕೇಳದೆಯೂ ಇರಬಹುದು.

ಮೊದಲು ಈ ಕಾಗದವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಭಾರತೀಯ ಪಾಸ್‌ಪೋರ್ಟ್ ಇದ್ದವರಿಗೆ ವೀಸಾಕ್ಕಾಗಿ ಪಿಸಿಸಿ ಕೊಡುವುದು ವಿದೇಶಾಂಗ ಸಚಿವಾಲಯದ ಕೈಕೆಳಗಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿ. www.passportindia.gov.in ತಾಣದಲ್ಲಿ ಅರ್ಜಿ ತುಂಬಿ, 500 ರೂಪಾಯಿ ಕಟ್ಟಿ, ಸಿಕ್ಕ ದಿನಕ್ಕೆ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಬೇಕು. 2022ರ ಸೆಪ್ಟೆಂಬರ್ ಕೊನೆಯಿಂದ ಅಂಚೆ ಕಚೇರಿಗಳಲ್ಲಿರುವ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲೂ ಪಿಸಿಸಿ ಅರ್ಜಿ ತೆಗೆದುಕೊಳ್ಳುತ್ತಾರೆ. ಹಾಗಾಗಿ ದೂರದ ತಾಲ್ಲೂಕಿನವರು ಬೆಂಗಳೂರಿಗೋ ಮಂಗಳೂರಿಗೋ ಬಸ್ಸು ಹತ್ತುವುದು ಕಡಿಮೆಯಾಗಿದೆ. ಇದು ಕೆಲಸ, ದೀರ್ಘಾವಧಿಯ ವೀಸಾ, ವಾಸ ಅಥವಾ ವಲಸೆಗಾಗಿ ಕೊಡುವ ಪತ್ರ. ಪ್ರವಾಸಿ ವೀಸಾಕ್ಕೆ ಕೊಡುವುದಿಲ್ಲ.

ಪತ್ರದಲ್ಲಿರುವುದು ನಾಲ್ಕಾರು ಸಾಲು. ಇಂಥ ಸಂಖ್ಯೆಯ ಪಾಸ್‌ಪೋರ್ಟ್ ಹೊಂದಿರುವ ಇಂಥವರ ವಿರುದ್ಧ, ಇಂಥ ದೇಶದ ವೀಸಾ ಪಡೆಯಲು ಅಡ್ಡಿಯಾಗುವಂಥ ಪ್ರತಿಕೂಲ ಮಾಹಿತಿ ಇಲ್ಲ ಎಂಬುದು ಅದರ ಸಾರ. ಇದರಲ್ಲಿ ಕಣ್ಣಿಟ್ಟು ನೋಡಬೇಕಾದವು ಮೂರು: ಪಾಸ್‌ಪೋರ್ಟ್ ಸಂಖ್ಯೆ, ದೇಶದ ಹೆಸರು, ಕೊಟ್ಟ ದಿನಾಂಕ. ಹೊಸ ಪಿಸಿಸಿ ಬೇಕೇ ಬೇಡವೇ ಎಂಬ ತಕರಾರು ಏಳುವುದು ಬಹುಮಟ್ಟಿಗೆ ಈ ಮೂರರಲ್ಲಿ ಒಂದರಿಂದ. ಜನ ಮಾತ್ರ ದಿನಾಂಕವೊಂದನ್ನೇ ನೋಡುತ್ತಾರೆ.

ದೇಶದ ಹೆಸರಿನ ವಿಷಯ ಬೇಗ ಹೇಳಿ ಮುಗಿಸಬಹುದು. ಅರ್ಜಿ ತುಂಬುವಾಗ ಯಾವ ದೇಶಕ್ಕಾಗಿ ಎಂದು ಕೇಳುತ್ತಾರೆ, ನೀವು ಬರೆದದ್ದು ಸರ್ಟಿಫಿಕೇಟಿನಲ್ಲೂ ಬರುತ್ತದೆ. ನ್ಯೂಜಿಲೆಂಡ್ ಎಂದು ಮಾಡಿಸಿದ ಪತ್ರವನ್ನು, ಅದು ಎರಡೇ ವಾರ ಹಳೆಯದಾಗಿದ್ದರೂ, ಆಸ್ಟ್ರೇಲಿಯಾಕ್ಕೆ ಕೊಡಲು ಹೋಗಬಾರದು. ಎರಡು ದೇಶಗಳಿಗೆ ಒಟ್ಟಿಗೆ ಪ್ರಯತ್ನಿಸುವವರು ಎರಡು ಪಿಸಿಸಿ, ಎರಡು ಸಲ ಐನೂರು ಎಂದು ಲೆಕ್ಕ ಹಾಕಿಕೊಳ್ಳುವುದೇ ಕ್ಷೇಮ.

ಇನ್ನು ದಿನಾಂಕ. ಇಲ್ಲಿ ನ್ಯೂಜಿಲೆಂಡಿನ ನಿಯಮ ಎಲ್ಲಕ್ಕಿಂತ ಸ್ಪಷ್ಟವಾಗಿದೆ. ಅಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇರುವ ಕೆಲಸದ ವೀಸಾಕ್ಕೆ ಪೊಲೀಸ್ ಸರ್ಟಿಫಿಕೇಟ್ ಬೇಕು. ನಾವು ಯಾವ ದೇಶದ ಪ್ರಜೆಯೋ ಆ ದೇಶದ್ದು ಒಂದು. ಜೊತೆಗೆ 17 ವರ್ಷ ತುಂಬಿದ ಮೇಲೆ ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಬೇರೆ ಯಾವ ದೇಶದಲ್ಲಿದ್ದರೂ ಅಲ್ಲಿಯದೂ ಒಂದು. ಅರ್ಜಿ ಸಲ್ಲಿಸುವ ದಿನ ಸರ್ಟಿಫಿಕೇಟಿಗೆ ಆರು ತಿಂಗಳು ತುಂಬಿರಬಾರದು. ಅಂದರೆ ಅಲ್ಲಿ ಲೆಕ್ಕ ನಿಲ್ಲುವುದು ಅರ್ಜಿ ಒಳಗೆ ಹೋದ ದಿನಕ್ಕೆ.

ಇದು ಎಲ್ಲಿ ಕೈಕೊಡುತ್ತದೆ ಎಂಬುದನ್ನು ಉದಾಹರಣೆಯೊಂದರಲ್ಲಿ ನೋಡೋಣ. ಉಡುಪಿ ಕಡೆಯ ಒಬ್ಬ ನರ್ಸ್ 2016ರ ಆಗಸ್ಟಿನಿಂದ 2022ರ ಫೆಬ್ರವರಿವರೆಗೆ ಕುವೈತಿನ ಆಸ್ಪತ್ರೆಯೊಂದರಲ್ಲಿ ದುಡಿದು, ಊರಿಗೆ ಮರಳಿ, ಈಗ ಮಂಗಳೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ನ್ಯೂಜಿಲೆಂಡಿನ ವೃದ್ಧಾಶ್ರಮವೊಂದು ಕೆಲಸ ಕೊಡಲು ಒಪ್ಪಿದೆ. 'ಎಲ್ಲಾ ಕಾಗದ ರೆಡಿ ಮಾಡಿಟ್ಟುಕೊಳ್ಳಿ' ಎಂದು ಯಾರೋ ಹೇಳಿದ್ದಕ್ಕೆ ಅವರು ಫೆಬ್ರವರಿ 10ರಂದೇ ಭಾರತದ ಪಿಸಿಸಿ ಪಡೆದಿಟ್ಟರು. ಕುವೈತಿನದನ್ನು ಆಮೇಲೆ ನೋಡೋಣ ಎಂದುಕೊಂಡರು.

ಅಲ್ಲಿಯ ಅಕ್ರೆಡಿಟೆಡ್ ಎಂಪ್ಲಾಯರ್ ವರ್ಕ್ ವೀಸಾದಲ್ಲಿ ಕೆಲಸಗಾರರ ಸರದಿ ಬರುವುದು ಕೊನೆಗೆ. ಮೊದಲು ಕೆಲಸ ಕೊಡುವವರು ಸರ್ಕಾರದ ಮಾನ್ಯತೆ ಪಡೆದಿರಬೇಕು. ಆಮೇಲೆ ಆ ಹುದ್ದೆಗೆ ಹೊರಗಿನವರನ್ನು ತರಬಹುದೇ ಎಂಬ 'ಜಾಬ್ ಚೆಕ್' ಆಗಬೇಕು. ಅದು ಮುಗಿದ ಮೇಲೆ ಮಾಲೀಕರು ಲಿಂಕ್ ಕಳಿಸುತ್ತಾರೆ, ಅದರ ಮೂಲಕವೇ ಕೆಲಸಗಾರರು ಅರ್ಜಿ ಹಾಕಬೇಕು. ನಮ್ಮ ನರ್ಸಿಗೆ ಆ ಲಿಂಕ್ ಬಂದದ್ದು ಜುಲೈ 20ಕ್ಕೆ. ಎದೆಯ ಎಕ್ಸ್‌ರೇ, ವೈದ್ಯಕೀಯ ಪರೀಕ್ಷೆ, ಒಪ್ಪಂದಪತ್ರ ಎಲ್ಲ ಜೋಡಿಸಿ ಅರ್ಜಿ ಕಳಿಸಲು ಕೂತದ್ದು ಆಗಸ್ಟ್ 25ಕ್ಕೆ. ಫೆಬ್ರವರಿ 10ರ ಪಿಸಿಸಿಗೆ ಆಗಸ್ಟ್ 10ಕ್ಕೇ ಆರು ತಿಂಗಳು ತುಂಬಿತ್ತು. ಹದಿನೈದು ದಿನದ ಅಂತರ, ಆದರೆ ಪತ್ರ ಕೆಲಸಕ್ಕೆ ಬಾರದಾಯಿತು.

ಮತ್ತೆ ಅರ್ಜಿ, ಮತ್ತೆ ಐನೂರು, ಮತ್ತೆ ಅಪಾಯಿಂಟ್‌ಮೆಂಟ್. ಈ ನಡುವೆ ಅವರು ಮನೆ ಬದಲಿಸಿದ್ದರೆ ಇನ್ನೊಂದು ತೊಡಕಿದೆ. ಪಾಸ್‌ಪೋರ್ಟಿನಲ್ಲಿರುವ ವಿಳಾಸವೂ ಈಗಿನ ವಿಳಾಸವೂ ಬೇರೆಯಾದರೆ ಈಗಿರುವ ಕಡೆಯ ಠಾಣೆಯಿಂದ ಪೊಲೀಸ್ ವೆರಿಫಿಕೇಶನ್ ಆಗಬೇಕಾಗುತ್ತದೆ. ಬಾಡಿಗೆ ಕರಾರುಪತ್ರ ಇಟ್ಟುಕೊಂಡಿಲ್ಲದವರಿಗೆ, ಮನೆಗೆ ಪೊಲೀಸರು ಬಂದಾಗ ನೈಟ್ ಡ್ಯೂಟಿಯಲ್ಲಿರುವವರಿಗೆ ಇದೇ ದೊಡ್ಡ ವಿಳಂಬ. ವಿಳಾಸ ಬದಲಾಗದೆ, ಹಿಂದಿನ ವೆರಿಫಿಕೇಶನ್ನಿನಲ್ಲಿ ಏನೂ ಕೊಸರಿಲ್ಲದೆ ಇರುವ ಕೆಲವರಿಗೆ ಬೇಗನೆ ಕೈಗೆ ಸಿಗುವುದೂ ಉಂಟು. ಅದನ್ನೇ ನಂಬಿ ತಾರೀಖು ಹಾಕಿಕೊಳ್ಳುವಂತಿಲ್ಲ. ಪಾಸ್‌ಪೋರ್ಟಿಗಿರುವಂತೆ ಪಿಸಿಸಿಗೆ ತತ್ಕಾಲ್ ಸೌಲಭ್ಯವೂ ಇಲ್ಲ.

ಈ ನರ್ಸಿಗೆ ನಿಜವಾಗಿ ಕಷ್ಟ ಕೊಡುವುದು ಕುವೈತಿನ ಪತ್ರ. ಐದೂವರೆ ವರ್ಷ ಅಲ್ಲಿದ್ದುದರಿಂದ ನ್ಯೂಜಿಲೆಂಡ್ ಅದನ್ನೂ ಕೇಳುತ್ತದೆ. ಬಿಟ್ಟುಬಂದ ದೇಶದ ಪೊಲೀಸ್ ಸರ್ಟಿಫಿಕೇಟನ್ನು ಊರಲ್ಲಿ ಕೂತು ತರಿಸಿಕೊಳ್ಳುವುದೆಂದರೆ ಬೆರಳಚ್ಚು, ಹಳೆಯ ಸಿವಿಲ್ ಐಡಿಯ ನಕಲು, ದೂತಾವಾಸದ ಮೊಹರು, ಅಲ್ಲೇ ಉಳಿದಿರುವ ಸ್ನೇಹಿತರೊಬ್ಬರ ಓಡಾಟ, ಹೀಗೆ ವಾರಗಟ್ಟಲೆ ಹಿಡಿಯುವ ಕೆಲಸ. ಪತ್ರ ಅರಬ್ಬಿಯಲ್ಲಿ ಬಂದರೆ ಅಧಿಕೃತ ಇಂಗ್ಲಿಷ್ ಅನುವಾದ ಬೇರೆ ಬೇಕು. ಅನುವಾದಕ್ಕೆ ಅಥವಾ ಅಟೆಸ್ಟೇಶನ್ನಿಗೆ ಹೊಸ ತಾರೀಖು ಬಿದ್ದಿದೆ ಎಂದು ಸಮಾಧಾನಪಡುವವರಿದ್ದಾರೆ. ಲೆಕ್ಕಕ್ಕೆ ಬರುವುದು ಮೂಲ ಪತ್ರವನ್ನು ಪೊಲೀಸ್ ಇಲಾಖೆ ಕೊಟ್ಟ ದಿನ ಮಾತ್ರ. ಹೊಸ ಮೊಹರು ಬಿದ್ದ ಮಾತ್ರಕ್ಕೆ ಹಳೆಯ ಪತ್ರದ ವಯಸ್ಸು ಇಳಿಯುವುದಿಲ್ಲ.

ಹಾಗಾಗಿ ಸರಿಯಾದ ಕ್ರಮ ಅವರು ಮಾಡಿದ್ದಕ್ಕೆ ಉಲ್ಟಾ. ಬಿಟ್ಟುಬಂದ ದೇಶದ ಪತ್ರಕ್ಕೆ ಮೊದಲು ಕೈಹಾಕಬೇಕು, ಕೈಗೆ ಸುಲಭವಾಗಿ ಎಟಕುವ ನಮ್ಮ ಊರಿನದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಮಾಲೀಕರ ಜಾಬ್ ಚೆಕ್ ಎಲ್ಲಿಗೆ ಬಂತು ಎಂದು ಕೇಳಿಕೊಂಡು, ಅದು ಆಗುವ ಹೊತ್ತಿಗೆ ಭಾರತದ ಪಿಸಿಸಿಗೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡರೆ ಸಾಕು. ಕುವೈತಿನ ಪತ್ರವೂ ಅದೇ ಗಡುವಿನ ಒಳಗೇ ಇರಬೇಕಾದ್ದರಿಂದ ಅದನ್ನು ಕೂಡ ವರ್ಷದ ಮೊದಲೇ ತರಿಸಿಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಬೇಕಾದ ಬೆರಳಚ್ಚು, ನಕಲು, ಅಧಿಕಾರಪತ್ರಗಳನ್ನು ಮೊದಲೇ ಸಿದ್ಧಮಾಡಿಟ್ಟು, ಅರ್ಜಿ ಹಾಕುವ ಎರಡು ಮೂರು ತಿಂಗಳ ಮುಂಚೆ ಚಾಲನೆ ಕೊಡುವುದು ಒಳ್ಳೆಯದು.

ಇದೇ ನರ್ಸ್ ಆಸ್ಟ್ರೇಲಿಯಾದ ಕಡೆ ಮುಖ ಮಾಡಿದ್ದರೆ ಲೆಕ್ಕವೇ ಬೇರೆ. ಆಸ್ಟ್ರೇಲಿಯಾದ ಗೃಹ ಇಲಾಖೆ ಪೊಲೀಸ್ ಸರ್ಟಿಫಿಕೇಟಿಗೆ ಕೊಟ್ಟ ದಿನದಿಂದ 12 ತಿಂಗಳ ಮಾನ್ಯತೆ ಕೊಡುತ್ತದೆ. ಫೆಬ್ರವರಿಯ ಪತ್ರ ಆಗಸ್ಟಿನಲ್ಲಿ ಇನ್ನೂ ಜೀವಂತ. ಆದರೆ ಯಾವ ಯಾವ ದೇಶದ್ದು ಬೇಕು ಎಂಬುದರಲ್ಲಿ ಆಸ್ಟ್ರೇಲಿಯಾ ಬಿಗಿ. ಕಳೆದ ಹತ್ತು ವರ್ಷಗಳಲ್ಲಿ, 16 ವರ್ಷ ತುಂಬಿದ ಮೇಲೆ, ಒಟ್ಟು 12 ತಿಂಗಳು ಇದ್ದ ಪ್ರತಿ ದೇಶದ ಪತ್ರವನ್ನೂ ಕೇಳಬಹುದು. ಅವರು ಕುವೈತಿನಲ್ಲಿ ಎರಡೇ ವರ್ಷ ಇದ್ದರೂ ನ್ಯೂಜಿಲೆಂಡ್ ತಂಟೆಗೆ ಬರುತ್ತಿರಲಿಲ್ಲ, ಆಸ್ಟ್ರೇಲಿಯಾ ಮಾತ್ರ ಬಿಡುತ್ತಿರಲಿಲ್ಲ. 'ಒಟ್ಟು' ಎಂಬುದನ್ನು ಗಮನಿಸಿ. ಕಂಪನಿ ಕೆಲಸಕ್ಕೆಂದು ಮೂರು ಮೂರು ತಿಂಗಳು ಸಿಂಗಪುರಕ್ಕೆ ಹೋಗಿಬರುವ ಬೆಂಗಳೂರಿನ ಎಂಜಿನಿಯರುಗಳು ಅದನ್ನು 'ವಾಸ' ಎಂದು ಲೆಕ್ಕಕ್ಕೇ ಇಟ್ಟುಕೊಂಡಿರುವುದಿಲ್ಲ. ಪಾಸ್‌ಪೋರ್ಟಿನ ಮೊಹರುಗಳನ್ನು ಕೂಡಿಸಿ ನೋಡಿದಾಗ ವರ್ಷ ದಾಟಿರುತ್ತದೆ.

ಆಸ್ಟ್ರೇಲಿಯಾದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅರ್ಜಿ ಹಾಕುವಾಗ ಪತ್ರ ಚೆನ್ನಾಗಿಯೇ ಇದ್ದು, ಅರ್ಜಿ ಮೇಜಿನ ಮೇಲೆ ಕೂತು ಕೂತು 12 ತಿಂಗಳು ದಾಟಿದರೆ ಅಧಿಕಾರಿ ಹೊಸದನ್ನು ಕೇಳಬಹುದು. ಹೀಗೆ ಹೆಚ್ಚಿನ ದಾಖಲೆ ಕೇಳಿದಾಗ ಸಾಮಾನ್ಯವಾಗಿ 28 ದಿನದ ಗಡುವಿರುತ್ತದೆ. ನಮ್ಮಲ್ಲಿ ವೆರಿಫಿಕೇಶನ್ ಎಳೆದರೆ ಅಷ್ಟರಲ್ಲಿ ಪಿಸಿಸಿ ಬಾರದೆಯೂ ಇರಬಹುದು. ಆಗ ಮಾಡಬೇಕಾದದ್ದು, ಪಾಸ್‌ಪೋರ್ಟ್ ಸೇವೆಯ ಅರ್ಜಿಯ ರಸೀದಿಯನ್ನು ಗಡುವು ಮುಗಿಯುವ ಮೊದಲೇ ಏರಿಸಿ, ಅರ್ಜಿ ಹಾಕಿದ್ದೇನೆ, ಪತ್ರ ಬಂದ ಕೂಡಲೇ ಕೊಡುತ್ತೇನೆ, ಕಾಲಾವಕಾಶ ಬೇಕು ಎಂದು ಎರಡು ಸಾಲು ಬರೆಯುವುದು. ಗಡುವಿನ ಮೇಲೆ ಗಡುವು ಕಳೆದರೂ ಏನನ್ನೂ ತಿಳಿಸದೆ ಕೂತ ಅರ್ಜಿಯನ್ನು, ಅಧಿಕಾರಿ ಇದ್ದಷ್ಟರ ಮೇಲೆಯೇ ತೀರ್ಮಾನಿಸಿಬಿಡಬಹುದು.

ಈಗ ಕೆನಡಾ. ಕೌಶಲವಿದ್ದ ಕೆಲಸಗಾರರನ್ನು ಕಾಯಂ ವಾಸಕ್ಕೆ ಕರೆದುಕೊಳ್ಳುವ ಅಲ್ಲಿಯ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಪೊಲೀಸ್ ಸರ್ಟಿಫಿಕೇಟಿನ ವಯಸ್ಸನ್ನು ಎರಡು ರೀತಿಯಲ್ಲಿ ಅಳೆಯುತ್ತಾರೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ತರ್ಕಬದ್ಧ ನಿಯಮ ಇದೇ. ಅರ್ಜಿದಾರರು ಈಗ ಯಾವ ದೇಶದಲ್ಲಿದ್ದಾರೋ ಆ ದೇಶದ ಪತ್ರ ಅರ್ಜಿ ಹಾಕುವ ದಿನಕ್ಕೆ ಆರು ತಿಂಗಳಿಗಿಂತ ಹಳೆಯದಾಗಿರಬಾರದು. ಕಳೆದ ಹತ್ತು ವರ್ಷಗಳಲ್ಲಿ ಸತತ ಆರು ತಿಂಗಳು ಅಥವಾ ಹೆಚ್ಚು ಇದ್ದ ಬೇರೆ ದೇಶಗಳ ಪತ್ರಕ್ಕೆ ತಿಂಗಳ ಮಿತಿಯೇ ಇಲ್ಲ. ಕೊನೆಯ ಸಲ ಅಲ್ಲಿ ಸತತ ಆರು ತಿಂಗಳು ಇದ್ದು ಬಂದ ಮೇಲೆ ಕೊಟ್ಟದ್ದಾಗಿದ್ದರೆ ಸಾಕು. ಬಿಟ್ಟುಬಂದ ದೇಶದಲ್ಲಿ ಹೊಸದಾಗಿ ಅಪರಾಧ ಮಾಡಲು ನೀವು ಅಲ್ಲಿಲ್ಲವೇ ಇಲ್ಲ, ಮತ್ತೆ ಮತ್ತೆ ಪತ್ರ ಏಕೆ ಬೇಕು?

ದುಬೈನಲ್ಲಿ 2021ರಿಂದ ಇರುವ ಭಟ್ಕಳದವರೊಬ್ಬರು ಹೀಗೆ ಕೆನಡಾಕ್ಕೆ ಅರ್ಜಿ ಹಾಕುವುದಾದರೆ, ಅವರಿಗೆ 'ಈಗಿರುವ ದೇಶ' ಯುಎಇ. ಅಲ್ಲಿಯ ಪತ್ರ ಹೊಸದಾಗಿರಬೇಕು. 'ಬಿಟ್ಟುಬಂದ ದೇಶ' ಭಾರತ. 2023ರಲ್ಲಿ ಕಾನ್ಸುಲೇಟಿನ ಮೂಲಕ ಕೆನಡಾಕ್ಕೆಂದೇ ಮಾಡಿಸಿಟ್ಟ ಭಾರತದ ಪಿಸಿಸಿ ಅವರ ಬಳಿ ಇದ್ದರೆ, ಅದೇ ನಡೆಯುತ್ತದೆ. ಪ್ರತಿ ವರ್ಷ ಒಂದು ತಿಂಗಳ ರಜೆಗೆ ಊರಿಗೆ ಬಂದು ಹೋದದ್ದರಿಂದ ಅದಕ್ಕೇನೂ ಊನವಿಲ್ಲ. ಆದರೆ ನಡುವೆ ಕೆಲಸ ಬಿಟ್ಟು ಏಳು ತಿಂಗಳು ಊರಲ್ಲೇ ಕೂತಿದ್ದರೆ ಹಳೆಯ ಪತ್ರ ಅಂದಿಗೇ ಮುಗಿಯಿತು, ಹೊಸದು ಬೇಕೇ ಬೇಕು. ಇಲ್ಲಿ ಪತ್ರವನ್ನು ಹಳತು ಮಾಡಿದ್ದು ಕ್ಯಾಲೆಂಡರ್ ಅಲ್ಲ, ಅವರ ಏಳು ತಿಂಗಳ ವಾಸ.

ಇದೇ ಕಾರಣಕ್ಕೆ 'ಗಲ್ಫ್ ಬಿಡುವ ಮೊದಲು ಅಲ್ಲಿಯ ಪೊಲೀಸ್ ಸರ್ಟಿಫಿಕೇಟ್ ತೆಗೆದುಕೊಂಡೇ ಬನ್ನಿ' ಎಂಬ ಹಿರಿಯರ ಬುದ್ಧಿಮಾತಿಗೆ ಬೆಲೆಯಿದೆ. ಆದರೂ ಒಂದು ಎಚ್ಚರಿಕೆ ಬೇಕು. ಕೆನಡಾದ ನಿಯಮವನ್ನು ಅಕ್ಷರಶಃ ಓದಿದರೆ ಪತ್ರದ ದಿನಾಂಕ ಅಲ್ಲಿಯ ವಾಸ ಮುಗಿದ ಮೇಲಿನದಾಗಿರಬೇಕು. ಹೊರಡುವ ಎರಡು ತಿಂಗಳ ಮುಂಚೆಯೇ ಪಡೆದಿದ್ದರೆ ಆ ಕೊನೆಯ ಎರಡು ತಿಂಗಳ ಬಗ್ಗೆ ಪತ್ರ ಏನೂ ಹೇಳುವುದಿಲ್ಲ, ಅಧಿಕಾರಿ ತಕರಾರು ತೆಗೆಯಲು ಅವಕಾಶವಿದೆ. ಹೊರಡುವ ದಿನಕ್ಕೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಹೊರಟ ಮೇಲೆ ಆನ್‌ಲೈನಿನಲ್ಲಿ ಪಡೆಯುವ ದಾರಿಯಿದ್ದರೆ ಇನ್ನೂ ಒಳ್ಳೆಯದು. ನ್ಯೂಜಿಲೆಂಡಿನ ಆರು ತಿಂಗಳ ಲೆಕ್ಕದ ಮುಂದೆ ಈ ಹಳೆಯ ಪತ್ರಕ್ಕೆ ಬಲವಿಲ್ಲ ಎಂಬುದೂ ನೆನಪಿರಲಿ. ಯಾವ ದೇಶಕ್ಕೆ ಎಂದು ಗೊತ್ತಿಲ್ಲದೆ ಇಟ್ಟುಕೊಂಡ ಪತ್ರದಿಂದ ಅರ್ಧ ಲಾಭ ಮಾತ್ರ.

ಅಮೆರಿಕದ ವಿಷಯ ಬಂದಾಗ ಬೆಂಗಳೂರಿನವರು ಸುಮ್ಮನೆ ಗಾಬರಿಯಾಗುತ್ತಾರೆ. ಎಚ್-1ಬಿ ಕೆಲಸದ ವೀಸಾಕ್ಕೆ ಅವರು ಸಾಮಾನ್ಯವಾಗಿ ಪಿಸಿಸಿ ಕೇಳುವುದೇ ಇಲ್ಲ. ಕೇಳುವುದು ಕಾಯಂ ವಲಸೆಯ ವೀಸಾಕ್ಕೆ. ಅಲ್ಲೂ ಪತ್ರಕ್ಕೆ ಎರಡು ವರ್ಷದ ಆಯುಷ್ಯ, ಬಿಟ್ಟುಬಂದು ಮತ್ತೆ ಕಾಲಿಡದ ದೇಶದ ಪತ್ರಕ್ಕೆ ಆ ಮಿತಿಯೂ ಇಲ್ಲ. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಕೆಲಸ ನೋಡಿ ಕೇಳುತ್ತಾರೆ. ಆಸ್ಪತ್ರೆ, ಶಾಲೆ, ಸಮಾಜಸೇವೆಯಂಥ ಕಡೆ ದುಡಿಯುವವರು ಕಳೆದ ಹತ್ತು ವರ್ಷಗಳಲ್ಲಿ 12 ತಿಂಗಳು ಇದ್ದ ದೇಶಗಳ ಪತ್ರ ಕೊಡಬೇಕು, ಸಾಫ್ಟ್‌ವೇರಿನವರಿಗೆ ಆ ಗೊಡವೆಯಿಲ್ಲ. ಗಂಡ ಹೆಂಡತಿ ಒಬ್ಬರು ನರ್ಸ್, ಒಬ್ಬರು ಟೆಕ್ಕಿ ಆಗಿರುವ ಮನೆಗಳಲ್ಲಿ 'ನನಗೆ ಕೇಳಲಿಲ್ಲ, ನಿನಗೇಕೆ' ಎಂಬ ಗೊಂದಲಕ್ಕೆ ಇದೇ ಕಾರಣ.

ಕರಾವಳಿಯವರು ಹೆಚ್ಚಾಗಿ ಹೋಗುವ ಕೊಲ್ಲಿ ದೇಶಗಳಲ್ಲಂತೂ ನಿಯಮವೇ ಬಂದು ಹೋಗುತ್ತಿರುತ್ತದೆ. ಯುಎಇ 2018ರ ಫೆಬ್ರವರಿಯಲ್ಲಿ ಕೆಲಸದ ವೀಸಾಕ್ಕೆ ಸನ್ನಡತೆಯ ಪತ್ರ ಕಡ್ಡಾಯ ಮಾಡಿ, ಏಪ್ರಿಲಿನಲ್ಲಿ ಭಾರತವೂ ಸೇರಿ ಕೆಲವು ದೇಶದವರಿಗೆ ಅದನ್ನು ತೆಗೆದುಹಾಕಿತು. ಸೌದಿ ಅರೇಬಿಯಾ ಭಾರತೀಯರಿಗೆ ಪಿಸಿಸಿ ಬೇಡ ಎಂದು ಪ್ರಕಟಿಸಿದ್ದು 2022ರ ನವೆಂಬರಿನಲ್ಲಿ. ಅಂದು ಬೇಕಾಗಿತ್ತು ಎಂಬ ಕಾರಣಕ್ಕೆ ಇಂದಿಗೂ ಕಾಗದದ ಪಟ್ಟಿಯಲ್ಲಿ ಅದನ್ನು ಸೇರಿಸುವವರಿದ್ದಾರೆ. ಐನೂರರ ಸರ್ಟಿಫಿಕೇಟಿಗೆ ಸಾವಿರಗಟ್ಟಲೆ 'ಸರ್ವಿಸ್ ಚಾರ್ಜ್' ಕೇಳುವ ಏಜೆಂಟರಿಗೆ ಪಟ್ಟಿ ಉದ್ದವಿದ್ದಷ್ಟೂ ಲಾಭ. ಆ ದೇಶದ ದೂತಾವಾಸದ ಅಥವಾ ವೀಸಾ ಕೇಂದ್ರದ ಈಗಿನ ಪಟ್ಟಿಯನ್ನು ಒಮ್ಮೆ ತೆರೆದು ನೋಡದೆ ದುಡ್ಡು ಕೊಡಬೇಡಿ.

ಪಾಸ್‌ಪೋರ್ಟ್ ಸಂಖ್ಯೆಯ ವಿಷಯ ಉಳಿಯಿತು. ಅನೇಕರು ಪಿಸಿಸಿ ಮಾಡಿಸಿದ ಮೇಲೆ, ಪಾಸ್‌ಪೋರ್ಟಿನ ಅವಧಿ ವರ್ಷದೊಳಗೆ ಮುಗಿಯುತ್ತದೆ ಎಂದು ಗಮನಿಸಿ ಅದನ್ನು ನವೀಕರಿಸುತ್ತಾರೆ. ಹೊಸ ಪುಸ್ತಕಕ್ಕೆ ಹೊಸ ಸಂಖ್ಯೆ, ಪಿಸಿಸಿಯಲ್ಲಿರುವುದು ಹಳೆಯದು. ಕೆಲವು ಕಡೆ ರದ್ದಾದ ಹಳೆಯ ಪಾಸ್‌ಪೋರ್ಟಿನ ನಕಲು ಜೋಡಿಸಿ ವಿವರಣೆ ಕೊಟ್ಟರೆ ಒಪ್ಪಬಹುದು, ಕೆಲವು ಕಡೆ ಹೊಸ ಪಿಸಿಸಿಯನ್ನೇ ಕೇಳುತ್ತಾರೆ. ಮದುವೆಯಾದ ಮೇಲೆ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸಿಕೊಂಡವರಿಗೂ ಇದೇ ಪಾಡು. ಹಳೆಯ ಹೆಸರಿನಲ್ಲಿ ಗಲ್ಫಿನಲ್ಲಿದ್ದವರು ಅಲ್ಲಿಯ ಪತ್ರ ಯಾವ ಹೆಸರಿಗೆ ಬರುತ್ತದೆ ಎಂದು ಮೊದಲೇ ನೋಡಿಕೊಳ್ಳಬೇಕು. ನವೀಕರಣವೂ ಪಿಸಿಸಿಯೂ ಎರಡೂ ಬೇಕಿದ್ದರೆ ಪಾಸ್‌ಪೋರ್ಟ್ ಮೊದಲು, ಪಿಸಿಸಿ ಆಮೇಲೆ. ನವೀಕರಣದಲ್ಲಿ ಈಗಿನ ವಿಳಾಸವನ್ನೇ ಬರೆಸಿದ್ದರೆ ಆಮೇಲಿನ ವೆರಿಫಿಕೇಶನ್ ಕೂಡ ಹಗುರಾಗುತ್ತದೆ.

ಕೊನೆಯದಾಗಿ, ಯಾವ ಕಚೇರಿಯ ಪತ್ರ ಎಂಬುದು. ಕರ್ನಾಟಕದ ಪೊಲೀಸ್ ಇಲಾಖೆಯಿಂದಲೂ ನಡತೆಯ ಬಗ್ಗೆ ಪರಿಶೀಲನಾ ಪತ್ರ ಸಿಗುತ್ತದೆ. ಇಲ್ಲಿಯ ಕಂಪನಿಗಳು ನೌಕರಿಗೆ ಕೇಳುವುದು ಅದನ್ನು. ಅದೂ ಪೊಲೀಸರು ಕೊಟ್ಟದ್ದೇ ಆದ್ದರಿಂದ ಸಾಕೆಂದು ತಿಳಿದು ವೀಸಾ ಅರ್ಜಿಗೆ ಲಗತ್ತಿಸುವವರಿದ್ದಾರೆ. ಆಸ್ಟ್ರೇಲಿಯಾ, ಕೆನಡಾದಂಥ ದೇಶಗಳು ಭಾರತೀಯರಿಂದ ಬಯಸುವುದು ಪಾಸ್‌ಪೋರ್ಟ್ ಕಚೇರಿಯ ಪಿಸಿಸಿಯನ್ನು. ಠಾಣೆಯ ಪತ್ರ ನಿನ್ನೆ ಮೊನ್ನೆಯದಾಗಿದ್ದರೂ ಅಲ್ಲಿ ಅದು ಪಿಸಿಸಿ ಎನಿಸುವುದಿಲ್ಲ. ಅದನ್ನು ಕೊಟ್ಟವರು ಮತ್ತೆ ಪಾಸ್‌ಪೋರ್ಟ್ ಸೇವಾ ಕೇಂದ್ರದ ಸರದಿಯಲ್ಲಿ ನಿಲ್ಲಬೇಕಾಗುತ್ತದೆ.